ಮೊದಲ ವ್ಯಾಕ್ಸಿಂಗ್: ಅರಿಶಿನ ಶಾಸ್ತ್ರದಿಂದ ಹಿಂದಕ್ಕೆ ಎಣಿಸಿ

ಮದುವೆಗಳ ಕಾಲ ಬಂತೆಂದರೆ ಬ್ಯೂಟಿ ಪಾರ್ಲರ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ನಾಡಿದ್ದು ಅರಿಶಿನ ಶಾಸ್ತ್ರ ಅಕ್ಕ, ಇವತ್ತೇ ಫುಲ್ ವ್ಯಾಕ್ಸಿಂಗ್ ಮಾಡಿಬಿಡಿ." ಕೇಳುವವಳು ಮದುಮಗಳು. ಅಲ್ಲಿಯವರೆಗೆ ರೇಜರ್ ಬಿಟ್ಟು ಬೇರೇನನ್ನೂ ಬಳಸಿದವಳಲ್ಲ. ಮೂರು ದಿನದ ಹಿಂದಷ್ಟೇ ಕಾಲು ಶೇವ್ ಮಾಡಿಕೊಂಡಿದ್ದಾಳೆ, ಮುಖಕ್ಕೆ ಯಾವುದೋ ಕ್ರೀಮ್ ಹಚ್ಚುತ್ತಿದ್ದಾಳೆ, ಮರುದಿನ ಮೆಹಂದಿ. ಅನುಭವವಿರುವ ಬ್ಯೂಟಿಷಿಯನ್ ಇಂಥವಳಿಗೆ "ಈಗ ಬೇಡಮ್ಮ" ಎಂದೇ ಹೇಳುತ್ತಾಳೆ. ಹೇಳದೆ ಮಾಡಿಬಿಟ್ಟರೆ ಅರ್ಧ ಕೂದಲು ಉಳಿದ ಕಾಲು, ಕೆಂಪು ಗುಳ್ಳೆ ಎದ್ದ ತೋಳು, ಮೇಲ್ತುಟಿಯ ಮೇಲೆ ಸಿಪ್ಪೆ ಸುಲಿದ ಗಾಯ ಇವೆಲ್ಲ ಮಂಟಪದವರೆಗೂ ಜೊತೆಗೆ ಬರಬಹುದು.

ಮೊದಲ ವ್ಯಾಕ್ಸಿಂಗ್ ಕೆಡುವುದು ಹೆಚ್ಚಾಗಿ ಪಾರ್ಲರ್‌ನ ಒಳಗಲ್ಲ, ಅದಕ್ಕೂ ಮುಂಚಿನ ಮೂರು ವಾರಗಳಲ್ಲಿ. ಕೂದಲು ಬೆಳೆಯಲು ಇಷ್ಟು ದಿನ ಬೇಕು, ಚರ್ಮ ಗಟ್ಟಿಯಾಗಲು ಇಷ್ಟು ದಿನ ಬೇಕು, ಮಾಡಿಸಿಕೊಂಡ ಮೇಲೆ ಚರ್ಮ ಶಾಂತವಾಗಲು ಮತ್ತಿಷ್ಟು ದಿನ. ಈ ಲೆಕ್ಕ ಹಿಡಿದು ಮದುವೆಯಿಂದ ಹಿಂದಕ್ಕೆ ಎಣಿಸುತ್ತ ಹೋದರೆ ತಯಾರಿ ಎರಡು ತಿಂಗಳ ಹಿಂದೆಯೇ ಶುರುವಾಗಬೇಕಾಗುತ್ತದೆ.

ಮೊದಲು ಕೂದಲಿನ ಉದ್ದ. ವ್ಯಾಕ್ಸ್ ಕೂದಲನ್ನು ಕತ್ತರಿಸುವುದಿಲ್ಲ. ಸುತ್ತ ಅಂಟಿಕೊಂಡು ಹಿಡಿದು, ಎಳೆದಾಗ ಬೇರುಸಹಿತ ಕಿತ್ತು ತರುತ್ತದೆ. ಹಾಗೆ ಹಿಡಿಯಬೇಕಾದರೆ ಚರ್ಮದ ಮೇಲೆ ಸುಮಾರು 5ರಿಂದ 6 ಮಿಲಿಮೀಟರ್ ಕೂದಲು ಕಾಣಿಸಬೇಕು. ಅಳೆಯಲು ಸ್ಕೇಲ್ ಹುಡುಕಬೇಕಾಗಿಲ್ಲ, ಅಡುಗೆಮನೆಯ ಸೋನಾ ಮಸೂರಿ ಅಕ್ಕಿಯ ಒಂದು ಕಾಳನ್ನು ಕಾಲಿನ ಕೂದಲ ಪಕ್ಕ ಇಟ್ಟು ನೋಡಿದರೆ ಸಾಕು. ಕಾಳಿನಷ್ಟು ಬಂದಿದ್ದರೆ ಸರಿ. ಅರ್ಧ ಕಾಳಿನಷ್ಟೇ ಇದ್ದರೆ ಇನ್ನೂ ಹನ್ನೆರಡು, ಹದಿಮೂರು ದಿನ ಕಾಯಬೇಕು.

ಕೂದಲು ಗಿಡ್ಡವಾಗಿದ್ದರೆ ವ್ಯಾಕ್ಸ್‌ಗೆ ತುದಿಯಷ್ಟೇ ಸಿಗುತ್ತದೆ. ಎಳೆದಾಗ ಒಂದೋ ಕೂದಲು ಜಾರಿ ಉಳಿಯುತ್ತದೆ, ಇಲ್ಲವೇ ಚರ್ಮದ ಮಟ್ಟದಲ್ಲಿ ತುಂಡಾಗುತ್ತದೆ. ಹೀಗೆ ತುಂಡಾದದ್ದೇ ಮುಂದಿನ ತೊಂದರೆಯ ಬೀಜ: ಚೂಪಾಗಿ ಮುರಿದ ತುದಿ ಬೆಳೆಯುವಾಗ ಹೊರಗೆ ಬರುವ ಬದಲು ಪಕ್ಕಕ್ಕೆ ತಿರುಗಿ ಚರ್ಮದೊಳಗೇ ಸುರುಳಿ ಸುತ್ತಿಕೊಳ್ಳಬಹುದು. ಉಳಿದ ಕೂದಲನ್ನು ತೆಗೆಯಲೆಂದು ಅದೇ ಜಾಗಕ್ಕೆ ಮತ್ತೆ ಮತ್ತೆ ವ್ಯಾಕ್ಸ್ ಹಾಕಿ ಎಳೆದರೆ ಮೇಲ್ಪದರವೇ ಸುಲಿದು ಬರುತ್ತದೆ. ಒಂದೇ ಜಾಗವನ್ನು ಎರಡು ಸಲಕ್ಕಿಂತ ಹೆಚ್ಚು ಎಳೆಯಬಾರದು. ಆಮೇಲೂ ಉಳಿದ ನಾಲ್ಕಾರು ಎಳೆಗಳಿಗೆ ಚಿಮಟ ಸಾಕು.

ತೀರಾ ಉದ್ದವಿದ್ದರೂ ಕಷ್ಟ. ಕೂದಲು ಒಂದೂಕಾಲು ಸೆಂಟಿಮೀಟರ್ ದಾಟಿದರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಬೇರಿನಿಂದ ಕೀಳುವ ಮೊದಲೇ ಚರ್ಮವನ್ನು ಜಗ್ಗುತ್ತವೆ. ಕಂಕುಳಲ್ಲಿ ಇದು ಹೆಚ್ಚು. ಯಾವತ್ತೂ ತೆಗೆಯದ ಕಂಕುಳ ಕೂದಲನ್ನು ಹಿಂದಿನ ದಿನ ಸಣ್ಣ ಕತ್ತರಿಯಲ್ಲೋ ಟ್ರಿಮ್ಮರ್‌ನಲ್ಲೋ ಅಕ್ಕಿಕಾಳಿಗಿಂತ ತುಸು ಉದ್ದ ಉಳಿಯುವಂತೆ ಕತ್ತರಿಸಿಕೊಂಡರೆ ನೋವು ಎಷ್ಟೋ ಕಡಿಮೆ. ಎಷ್ಟು ಬಿಡಬೇಕೆಂಬ ಅನುಮಾನವಿದ್ದರೆ ಮುಟ್ಟದೆ ಹೋಗುವುದೇ ಒಳ್ಳೆಯದು, ಅಲ್ಲಿಯೇ ಕತ್ತರಿಸಿಕೊಡುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಮದುವೆ ಮೇ 10ಕ್ಕೆ, ಅರಿಶಿನ ಶಾಸ್ತ್ರ 9ಕ್ಕೆ, ಮೆಹಂದಿ 8ಕ್ಕೆ ಎಂದಿಟ್ಟುಕೊಳ್ಳಿ. ಮದುವೆಗೆಂದು ಮಾಡಿಸುವ ವ್ಯಾಕ್ಸಿಂಗ್ ಮೇ 5ಕ್ಕೆ. ಆದರೆ ಅದು ಹುಡುಗಿಯ ಮೊದಲ ವ್ಯಾಕ್ಸಿಂಗ್ ಆಗಬಾರದು. ಮೊದಲನೆಯದು ಅದಕ್ಕಿಂತ ಒಂದು ತಿಂಗಳ ಹಿಂದೆ, ಏಪ್ರಿಲ್ 4ರ ಸುಮಾರಿಗೆ ಆಗಬೇಕು. ಕಾಲಿನ ಕೂದಲು ದಿನಕ್ಕೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಬೆಳೆಯುತ್ತದೆ, ಅಂದರೆ ಅಕ್ಕಿಕಾಳಿನಷ್ಟಾಗಲು ಹತ್ತಿರಹತ್ತಿರ ಇಪ್ಪತ್ತೈದು ದಿನ. ಹಾಗಾಗಿ ರೇಜರ್‌ಗೆ ವಿದಾಯ ಹೇಳಬೇಕಾದದ್ದು ಮಾರ್ಚ್ 10ಕ್ಕೆ. ಅಲ್ಲಿಂದಾಚೆ ಶೇವಿಂಗ್ ಬೇಡ, ಕೂದಲು ತೆಗೆಯುವ ಕ್ರೀಮ್ ಬೇಡ. ಮೂರನೇ ವಾರದಲ್ಲಿ ಕಾಲು ಮುಳ್ಳುಮುಳ್ಳಾಗಿ ಮುಜುಗರವಾಗುತ್ತದೆ, ಚೂಡಿದಾರ್‌ಗೆ ತಾಗಿ ಕೆರೆತ ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಒಂದು ದಿನ ಬೇಸತ್ತು ರೇಜರ್ ಎತ್ತಿಕೊಂಡರೆ ಎಣಿಕೆ ಮತ್ತೆ ಮೊದಲಿಂದ.

ಒಂದು ತಿಂಗಳ ಅಂತರದಲ್ಲಿ ಎರಡು ಸಲ ಏಕೆ? ಮೈಮೇಲಿನ ಕೂದಲೆಲ್ಲ ಒಂದೇ ಸಲ ಬೆಳೆಯುವುದಿಲ್ಲ. ಯಾವುದೇ ದಿನ ನೋಡಿದರೂ ಕೆಲವು ಬೆಳೆಯುತ್ತಿರುತ್ತವೆ, ಕೆಲವು ನಿಂತಿರುತ್ತವೆ, ಇನ್ನು ಕೆಲವು ಚರ್ಮದೊಳಗೆ ತಲೆ ಎತ್ತಲು ತಯಾರಾಗುತ್ತಿರುತ್ತವೆ. ವ್ಯಾಕ್ಸ್‌ಗೆ ಸಿಗುವುದು ಅವತ್ತು ಮೇಲೆ ಕಾಣುವವು ಮಾತ್ರ. ಒಳಗಿದ್ದವು ನಾಲ್ಕೈದು ದಿನದಲ್ಲಿ ಹೊರಬರುತ್ತವೆ. "ದುಡ್ಡು ಕೊಟ್ಟು ಮಾಡಿಸಿ ಒಂದು ವಾರ ಆಗಿಲ್ಲ, ಆಗಲೇ ಬಂದುಬಿಟ್ಟಿದೆ" ಎಂಬ ದೂರಿನ ಹಿಂದಿರುವುದು ಈ ಕೂದಲು. ಕಿತ್ತದ್ದು ಮತ್ತೆ ಬಂದದ್ದಲ್ಲ, ಅವತ್ತು ಸಿಗದೇ ಇದ್ದದ್ದು ಈಗ ಬಂದಿದೆ. ಶೇವ್ ಮಾಡುತ್ತಿದ್ದವರಿಗೆ ಮೊದಲ ಸಲ ಇದು ಹೆಚ್ಚು ಕಾಣುತ್ತದೆ. ಇವನ್ನು ಮುಟ್ಟದೆ ಬಿಟ್ಟರೆ ಒಂದು ತಿಂಗಳಿಗೆ ಇವೂ ಅಳತೆಗೆ ಬಂದಿರುತ್ತವೆ, ಎರಡನೇ ಸಲಕ್ಕೆ ನಯವಾದ ಕಾಲು ಸಿಗುತ್ತದೆ. ಮದುಮಗಳಿಗೆ ಮದುವೆಯ ವಾರದಲ್ಲಿ ಬೇಕಾದದ್ದು ಈ ಎರಡನೆಯದರ ಫಲ. ಇನ್ನೊಂದು ಲಾಭವೂ ಇದೆ: ಅವಳ ಚರ್ಮ ವ್ಯಾಕ್ಸ್‌ಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ಏಪ್ರಿಲ್‌ನಲ್ಲೇ ಗೊತ್ತಾಗಿಬಿಡುತ್ತದೆ. ಏನಾದರೂ ಎಡವಟ್ಟಾದರೆ ಗುಣವಾಗಲು ಸಮಯವಿರುತ್ತದೆ.

ಕೂದಲಿನ ಲೆಕ್ಕ ತಪ್ಪಿದರೆ ಬೇಸರವಷ್ಟೇ. ಚರ್ಮದ ಲೆಕ್ಕ ತಪ್ಪಿದರೆ ಗಾಯ. ಆದ್ದರಿಂದ ಮೊದಲ ಸಲ ಬಂದವರನ್ನು ಒಳ್ಳೆಯ ಬ್ಯೂಟಿಷಿಯನ್ ಕುರ್ಚಿಯಲ್ಲಿ ಕೂರಿಸಿ ಮೊದಲು ಕೇಳುವ ಪ್ರಶ್ನೆ: "ಮುಖಕ್ಕೆ ಏನು ಹಚ್ತೀರಿ?" ಹೆಸರು ನೆನಪಿಲ್ಲದಿದ್ದರೆ ಟ್ಯೂಬಿನ ಫೋಟೋ ತೋರಿಸಿ ಎನ್ನುತ್ತಾಳೆ. ಆ ಪ್ರಶ್ನೆಗೆ ಕಾರಣವಿದೆ. ಮೊಡವೆಗೆ, ಕಲೆಗೆ, ಸುಕ್ಕಿಗೆ ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್, ರೆಟಿನಾಲ್ ಎಂಬ ಔಷಧಗಳು ಚರ್ಮದ ಮೇಲ್ಪದರವನ್ನು ಬೇಗ ಬೇಗ ಕಳಚುವಂತೆ ಮಾಡುತ್ತವೆ. ಮೇಲಿನ ಪದರ ತೆಳ್ಳಗಾಗಿ, ಕೆಳಗಿನದಕ್ಕೆ ಸಡಿಲವಾಗಿ ಕೂತಿರುತ್ತದೆ. ಅದರ ಮೇಲೆ ವ್ಯಾಕ್ಸ್ ಹಾಕಿ ಎಳೆದರೆ ಕೂದಲಿನ ಜೊತೆ ಚರ್ಮವೂ ಎದ್ದು ಬರುತ್ತದೆ. ಮೇಲ್ತುಟಿಯ ಮೇಲೆ, ಹುಬ್ಬಿನ ಕೆಳಗೆ ನಾಣ್ಯದಗಲ ಒದ್ದೆಯಾಗಿ ಹೊಳೆಯುವ ಕೆಂಪು ಗಾಯ, ಎರಡು ದಿನಕ್ಕೆ ಕಂದು ಹೆಪ್ಪು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಇಂಥ ಕ್ರೀಮ್‌ಗಳನ್ನು ವ್ಯಾಕ್ಸಿಂಗ್‌ಗೆ 2ರಿಂದ 5 ದಿನ ಮುಂಚೆ ನಿಲ್ಲಿಸಬೇಕೆನ್ನುತ್ತದೆ. ಮೊದಲ ಸಲದವರು ಪೂರ್ತಿ ಒಂದು ವಾರ ಬಿಡುವುದು ಕ್ಷೇಮ, ಮುಖದ ಮೇಲಂತೂ ಇದರಲ್ಲಿ ರಾಜಿ ಬೇಡ. ಗ್ಲೈಕಾಲಿಕ್ ಮತ್ತು ಸ್ಯಾಲಿಸಿಲಿಕ್ ಆಸಿಡ್ ಇರುವ ಸೀರಮ್‌ಗಳಿಗೆ ಮೂರ್ನಾಲ್ಕು ದಿನದ ಬಿಡುವು ಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ವಿಷಯ ಬೇರೆಯೇ. ಮಾತ್ರೆ ತೆಗೆದುಕೊಳ್ಳುವಾಗಲೂ, ನಿಲ್ಲಿಸಿದ ಮೇಲೆ ಆರು ತಿಂಗಳವರೆಗೂ ಅವರು ವ್ಯಾಕ್ಸಿಂಗ್ ಮಾಡಿಸಲೇಬಾರದು. ಒಂದು ತಿಂಗಳಲ್ಲಿ ಮದುವೆಯಿದ್ದರೂ ಇದಕ್ಕೆ ವಿನಾಯಿತಿ ಇಲ್ಲ. ಅವರಿಗೆ ಟ್ರಿಮ್ಮರ್ ಅಥವಾ ಎಚ್ಚರದ ಶೇವಿಂಗ್ ದಾರಿ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಪಾಯ ಹೆಸರಿಲ್ಲದೆ ಬರುತ್ತದೆ. "ಬೆಳ್ಳಗಾಗುವ ಕ್ರೀಮ್" ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಕೈಗೆ ಸಿಗುವ ಕೆಲವು ಟ್ಯೂಬ್‌ಗಳಲ್ಲಿ ಮೂರು ಔಷಧಗಳು ಬೆರೆತಿರುತ್ತವೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್‌ನಂಥ ಒಂದು ಸ್ಟೀರಾಯ್ಡ್. ವೈದ್ಯರು ಬಂಗಿಗೆ ಕೆಲವೇ ವಾರಗಳ ಮಟ್ಟಿಗೆ ಕೊಡುವ ಔಷಧ ಇದು. ಜನ ಇದನ್ನು ವರ್ಷಗಟ್ಟಲೆ ಹಚ್ಚುತ್ತಾರೆ, ಅಕ್ಕ ಹಚ್ಚಿದ್ದನ್ನು ತಂಗಿಯೂ ಹಚ್ಚುತ್ತಾಳೆ. ಟ್ರೆಟಿನಾಯಿನ್ ಮೇಲ್ಪದರವನ್ನು ಕಳಚುತ್ತದೆ, ಸ್ಟೀರಾಯ್ಡ್ ಒಟ್ಟು ಚರ್ಮವನ್ನೇ ತೆಳುವಾಗಿಸುತ್ತದೆ. ಸ್ಟೀರಾಯ್ಡ್‌ಗೆ ಇನ್ನೊಂದು ಗುಣವಿದೆ, ಅದರಿಂದ ಮುಖದ ಮೇಲೆ ಕೂದಲು ಹೆಚ್ಚುತ್ತದೆ. ಹೀಗೆ ಹೆಚ್ಚಿದ ಕೂದಲನ್ನು ತೆಗೆಸಲೆಂದೇ ಹುಡುಗಿ ಪಾರ್ಲರ್‌ಗೆ ಬಂದಿರುತ್ತಾಳೆ, ವ್ಯಾಕ್ಸ್ ತಡೆಯದ ಚರ್ಮವನ್ನೂ ಜೊತೆಗೇ ತಂದಿರುತ್ತಾಳೆ. ಚರ್ಮವೈದ್ಯರ ರಾಷ್ಟ್ರೀಯ ಸಂಘ ಐಎಡಿವಿಎಲ್ ಈ ದುರ್ಬಳಕೆಯ ವಿರುದ್ಧ ವರ್ಷಗಳಿಂದ ದನಿ ಎತ್ತುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಸಿಗುತ್ತದೆ. ಕನ್ನಡಿಯಲ್ಲಿ ಕೆನ್ನೆಯ ಸಣ್ಣ ಸಣ್ಣ ಕೆಂಪು ನರಗಳು ಕಂಡರೆ, ಬಿಸಿಲಿಗೆ ಹೋದಕೂಡಲೇ ಮುಖ ಉರಿದು ಕೆಂಪಾದರೆ, ಕ್ರೀಮ್ ಎರಡು ದಿನ ಬಿಟ್ಟರೆ ಗುಳ್ಳೆ ಏಳುವಂತಿದ್ದರೆ ಆ ಮುಖಕ್ಕೆ ವ್ಯಾಕ್ಸ್ ಬೇಡ. ಮೊದಲು ಚರ್ಮವೈದ್ಯರ ಬಳಿ ಹೋಗಬೇಕು.

ಉಳಿದ ತಯಾರಿ ಸರಳ. ಹಿಂದಿನ ಒಂದು ವಾರ ಕೈಕಾಲಿಗೆ ದಿನವೂ ಮಾಯಿಶ್ಚರೈಸರ್ ಹಚ್ಚಬೇಕು, ಒಣಗಿ ಬಿರಿದ ಚರ್ಮದಲ್ಲಿ ಕೂದಲು ಸಲೀಸಾಗಿ ಬರುವುದಿಲ್ಲ. ಎರಡು ದಿನ ಮುಂಚೆ ಕಡಲೆಹಿಟ್ಟಿನಲ್ಲೋ ಮೆತ್ತನೆಯ ಬಟ್ಟೆಯಲ್ಲೋ ಹಗುರವಾಗಿ ಉಜ್ಜಿ ಸತ್ತ ಪದರವನ್ನು ತೆಗೆಯಬೇಕು. ಅದೇ ದಿನ ಉಜ್ಜಬಾರದು. ಅದೇ ದಿನ ಎಣ್ಣೆ, ಲೋಷನ್, ಡಿಯೊಡರೆಂಟ್ ಕೂಡ ಬೇಡ, ಜಿಡ್ಡಿದ್ದರೆ ವ್ಯಾಕ್ಸ್ ಕೂದಲಿಗೆ ಅಂಟದೆ ಜಾರುತ್ತದೆ. ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ಹಲವರಿಗೆ ನೋವು ಹೆಚ್ಚು ತಾಗುತ್ತದೆ, ಮುಟ್ಟು ಮುಗಿದ ವಾರ ಆರಿಸಿಕೊಂಡರೆ ಸುಲಭ. ಬಿಸಿಲಿಗೆ ಸುಟ್ಟ ಚರ್ಮ, ಗಾಯ, ಇಸುಬು, ನರುಲಿ ಇರುವ ಜಾಗ, ಉಬ್ಬಿದ ಮಚ್ಚೆ, ಉಬ್ಬಿದ ರಕ್ತನಾಳಗಳ ಮೇಲೆ ವ್ಯಾಕ್ಸ್ ಹಾಕಿಸಬಾರದು. ಹೋಗುವಾಗ ಸಡಿಲವಾದ ಹತ್ತಿ ಬಟ್ಟೆ ತೊಟ್ಟರೆ ಬರುವಾಗ ಆರಾಮ.

ಪಾರ್ಲರ್‌ನಲ್ಲಿ ಕೂತವಳು ಕಣ್ಣು ಮುಚ್ಚಿಕೊಳ್ಳಬಾರದು, ನೋಡಬೇಕಾದದ್ದು ಇದೆ. ಬ್ಯೂಟಿಷಿಯನ್ ವ್ಯಾಕ್ಸ್ ಹೀಟರ್‌ನಿಂದ ಸ್ವಲ್ಪ ತೆಗೆದು ತನ್ನ ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ಬಿಸಿ ನೋಡುತ್ತಾಳೆ, ಆಮೇಲೆ ಗಿರಾಕಿಯ ಕೈಯ ಒಂದಿಷ್ಟು ಜಾಗದಲ್ಲಿ ಪರೀಕ್ಷಿಸುತ್ತಾಳೆ. ಬೆವರು ಹೀರಲು ಪೌಡರ್ ಹಾಕುತ್ತಾಳೆ. ಕೂದಲು ಬೆಳೆದ ದಿಕ್ಕಿಗೇ ವ್ಯಾಕ್ಸನ್ನು ತೆಳ್ಳಗೆ ಸವರಿ, ಬಟ್ಟೆಯ ಸ್ಟ್ರಿಪ್ ಒತ್ತಿ, ಒಂದು ಕೈಯಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಸ್ಟ್ರಿಪ್ಪನ್ನು ಉಲ್ಟಾ ದಿಕ್ಕಿಗೆ ಚರ್ಮಕ್ಕೆ ಅಂಟಿದಂತೆಯೇ ಸರ್ರನೆ ಎಳೆಯುತ್ತಾಳೆ. ಎಳೆದ ಕೂಡಲೇ ಅಂಗೈಯಿಂದ ಆ ಜಾಗವನ್ನು ಒತ್ತುತ್ತಾಳೆ, ಆ ಒತ್ತಡಕ್ಕೆ ನೋವು ತಗ್ಗುತ್ತದೆ. ಸ್ಟ್ರಿಪ್ಪನ್ನು ಆಕಾಶಕ್ಕೆ ಎತ್ತಿದಂತೆ ಮೇಲಕ್ಕೆ ಎಳೆಯುವವಳು ಕೆಲಸ ಕಲಿತಿಲ್ಲ ಎಂದೇ ಲೆಕ್ಕ. ಹಾಗೆ ಎಳೆದರೆ ಕೂದಲು ತುಂಡಾಗುತ್ತದೆ, ಚರ್ಮದ ಕೆಳಗೆ ರಕ್ತ ಕಟ್ಟಿ ನೀಲಿಯಾಗುತ್ತದೆ. ತೆಗೆದ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರೆ ಪ್ರತಿ ಎಳೆಯ ತುದಿಯಲ್ಲೂ ಸಣ್ಣ ಬಿಳಿ ಗುಬುಟು ಕಾಣಬೇಕು. ಅದು ಬುಡ. ತುದಿಗಳು ಬೋಳಾಗಿದ್ದರೆ ಕೂದಲು ಮುರಿದಿದೆ ಎಂದರ್ಥ.

ಕಂಕುಳಿನ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ, ಮೇಲಿನ ಅರ್ಧ ಒಂದು ಕಡೆಗೆ, ಕೆಳಗಿನ ಅರ್ಧ ಇನ್ನೊಂದು ಕಡೆಗೆ. ಹಾಗಾಗಿ ಎರಡು ಮೂರು ಭಾಗ ಮಾಡಿ ತೆಗೆಯಬೇಕು. ಇಲ್ಲಿ ಹನಿ ವ್ಯಾಕ್ಸ್‌ಗಿಂತ, ಬಟ್ಟೆಯಿಲ್ಲದೆ ತಾನೇ ಗಟ್ಟಿಯಾಗಿ ಎದ್ದುಬರುವ ವ್ಯಾಕ್ಸ್ ವಾಸಿ, ಅದು ಚರ್ಮಕ್ಕಿಂತ ಕೂದಲನ್ನು ಹೆಚ್ಚು ಹಿಡಿಯುತ್ತದೆ. ಸಕ್ಕರೆಯಿಂದ ಮಾಡಿದ ಹನಿ ವ್ಯಾಕ್ಸ್ ನೀರಿಗೆ ಬಿಡುತ್ತದೆ. ಬೇರೆ ಹಲವು ವ್ಯಾಕ್ಸ್‌ಗಳಲ್ಲಿ ಪೈನ್ ಮರದ ರಾಳ ಇರುತ್ತದೆ. ಬ್ಯಾಂಡೇಜ್ ಪ್ಲಾಸ್ಟರ್ ಹಚ್ಚಿದರೆ ಕೆರೆದು ಕೆಂಪಾಗುವವರಿಗೆ ಈ ರಾಳವೂ ಒಗ್ಗದಿರಬಹುದು, ಮೊದಲೇ ಹೇಳಬೇಕು.

ವ್ಯಾಕ್ಸ್ ಸವರುವ ಕಡ್ಡಿಯ ಮೇಲೂ ಕಣ್ಣಿರಲಿ. ಚರ್ಮಕ್ಕೆ ತಾಗಿಸಿದ ಕಡ್ಡಿಯನ್ನೇ ಮತ್ತೆ ಡಬ್ಬಿಗೆ ಅದ್ದಿದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟುವ ದಾರಿ ತೆರೆದಂತೆ. ಒಂದು ಸಲ ಬಳಸಿ ಎಸೆಯುವ ಕಡ್ಡಿ, ಎಸೆಯುವ ಸ್ಟ್ರಿಪ್ ಕೇಳುವುದರಲ್ಲಿ ಸಂಕೋಚ ಬೇಡ. ಕೆಳಭಾಗದ ವ್ಯಾಕ್ಸಿಂಗ್‌ನಲ್ಲಿ ಇದು ಇನ್ನೂ ಮುಖ್ಯ. 2007ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ಪ್ರಕರಣ ವರದಿ ಮಾಡಿದ್ದರು: ಮಧುಮೇಹ ಹತೋಟಿಯಲ್ಲಿಲ್ಲದ 20 ವರ್ಷದ ಯುವತಿ ಬಿಕಿನಿ ವ್ಯಾಕ್ಸಿಂಗ್ ಮಾಡಿಸಿಕೊಂಡ ಮೇಲೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿ ಜೀವಕ್ಕೇ ಅಪಾಯವಾಗಿತ್ತು, ಜೊತೆಗೆ ಹರ್ಪಿಸ್ ಕೂಡ ಇತ್ತು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮುಗಿಸಿಕೊಂಡು ಹೊರಗೆ ಬಂದಾಗ ಕಾಲು ಕೆಂಪಾಗಿರುತ್ತದೆ, ಪ್ರತಿ ಕೂದಲು ಇದ್ದಲ್ಲೂ ಸಣ್ಣ ಉಬ್ಬು. ಮೊದಲ ಸಲದವರು ಹೆದರುವುದು ಇದಕ್ಕೆ. ಇದು ಅಲರ್ಜಿಯಲ್ಲ, ಬೇರು ಕಿತ್ತಲ್ಲಿ ಚರ್ಮ ತನ್ನ ರಕ್ಷಣೆಗೆ ಊದಿಕೊಂಡದ್ದು. ಕಂಕುಳಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳೂ ಕಾಣಬಹುದು. ಕೆಲವು ಗಂಟೆಗಳಲ್ಲಿ ತಗ್ಗಿ, ಒಂದೆರಡು ದಿನದಲ್ಲಿ ಪೂರ್ತಿ ಹೋಗುತ್ತದೆ. ತಣ್ಣೀರಿನ ಬಟ್ಟೆ, ವಾಸನೆಯಿಲ್ಲದ ತೆಳು ಮಾಯಿಶ್ಚರೈಸರ್ ಅಥವಾ ಅಲೋವೆರಾ ಜೆಲ್ ಇಷ್ಟು ಸಾಕು. ಎರಡು ದಿನ ಬಿಸಿನೀರಿನ ಸ್ನಾನ, ಎಣ್ಣೆಸ್ನಾನ, ಜಿಮ್, ಈಜುಕೊಳ, ಬಿಗಿ ಲೆಗ್ಗಿಂಗ್ಸ್, ಮಧ್ಯಾಹ್ನದ ಬಿಸಿಲು ಬೇಡ. ಕಂಕುಳಿಗೆ ಡಿಯೊಡರೆಂಟ್ ಹಾಕಿದರೆ ಬೆಂಕಿ ಹತ್ತಿದಂತೆ ಉರಿಯುತ್ತದೆ.

ಅರಿಶಿನ ಶಾಸ್ತ್ರದ ದಿನದಿಂದ ಹಿಂದಕ್ಕೆ ಎಣಿಸಬೇಕೆನ್ನುವುದು ಇದೇ ಕಾರಣಕ್ಕೆ. ಅವತ್ತು ಎಣ್ಣೆ, ಅರಿಶಿನ ಬಳಿದು, ಹಿಂದೆಯೇ ಬಿಸಿನೀರು ಹೊಯ್ಯುತ್ತಾರೆ. ಕೂದಲು ಕಿತ್ತ ರಂಧ್ರಗಳು ಇನ್ನೂ ಊದಿಕೊಂಡಿದ್ದರೆ ಎಣ್ಣೆ ಅಲ್ಲಿ ಕೂತು ಗುಳ್ಳೆಗೆ ದಾರಿಯಾಗುತ್ತದೆ, ಅರಿಶಿನ ಉರಿಯುತ್ತದೆ. ಕೆಲವರಿಗೆ ಅರಿಶಿನವೇ ಅಲರ್ಜಿ ತರುವುದೂ ಉಂಟು. ಮೂರ್ನಾಲ್ಕು ದಿನದ ಅಂತರವಿದ್ದರೆ ಈ ಚಿಂತೆಯಿಲ್ಲ. ಮೆಹಂದಿಗೂ ಇದೇ ಕ್ರಮ: ಮೊದಲು ವ್ಯಾಕ್ಸಿಂಗ್, ಎರಡು ಮೂರು ದಿನ ಬಿಟ್ಟು ಮೆಹಂದಿ. ತಿರುಗುಮುರುಗಾದರೆ ವ್ಯಾಕ್ಸ್ ಚರ್ಮದ ಮೇಲ್ಪದರವನ್ನೂ ಸ್ವಲ್ಪ ಎತ್ತುವುದರಿಂದ ಮುಂಗೈಯ ಬಣ್ಣವೂ ಅದರೊಂದಿಗೆ ಮಾಸುತ್ತದೆ.

ಎರಡನೇ, ಮೂರನೇ ದಿನ ಬಿಳಿ ತಲೆಯ ಸಣ್ಣ ಕೀವುಗುಳ್ಳೆಗಳು ಕಂಡರೆ ಅದು ಕೂದಲ ಬುಡದ ಸಣ್ಣ ಸೋಂಕು. ಬೆವರಿದ್ದರೆ ಹೆಚ್ಚು. ಹಿಚುಕದೆ, ಸೋಪಿನಲ್ಲಿ ಮೃದುವಾಗಿ ತೊಳೆದು ಒಣಗಿಸಿಟ್ಟರೆ ಸಾಮಾನ್ಯವಾಗಿ ತಾನೇ ಮಾಯವಾಗುತ್ತದೆ. ಒಂದೆರಡು ವಾರದ ಮೇಲೆ ಚರ್ಮದಡಿ ಕಪ್ಪು ಗೆರೆಯೋ ಗಂಟೋ ಕಾಣಿಸಿದರೆ ಅದು ಒಳಮುಖವಾಗಿ ಬೆಳೆದ ಕೂದಲು. ಮೂರನೇ ದಿನದಿಂದ ವಾರಕ್ಕೆ ಎರಡು ಸಲ ಹಗುರವಾಗಿ ಉಜ್ಜುತ್ತಿದ್ದರೆ ಇದು ಕಡಿಮೆ. ಪಿನ್ನಿನಿಂದ ಕೆದಕಬಾರದು. ನಮ್ಮ ಕಂದು ಚರ್ಮದಲ್ಲಿ ಪ್ರತಿ ಗಾಯವೂ ಕಪ್ಪು ಕಲೆ ಬಿಟ್ಟುಹೋಗುತ್ತದೆ, ಕೂದಲಿಗಿಂತ ಆ ಕಲೆ ಹೆಚ್ಚು ಕಾಲ ಉಳಿಯುತ್ತದೆ. ಕಲೆಯಾದರೆ ಬಿಸಿಲಿಗೆ ತಾಗುವ ಜಾಗಕ್ಕೆ ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು, ತಿಂಗಳುಗಳಲ್ಲಿ ತಿಳಿಯಾಗುತ್ತದೆ.

ವ್ಯಾಕ್ಸ್ ಬಿಸಿ ಹೆಚ್ಚಾಗಿ ಸುಟ್ಟಿದ್ದರೆ ಅಲ್ಲಿಯೇ ಎದ್ದು ನಲ್ಲಿಯ ತಂಪು ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಬೊಬ್ಬೆ ಎದ್ದರೆ ಒಡೆಯುವುದು ಬೇಡ. ಕೆಂಪು ತಗ್ಗುವ ಬದಲು ಮೂರನೇ ದಿನಕ್ಕೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದು ನೋವು ಏರುತ್ತಿದ್ದರೆ, ಕೀವು ಸೋರಿದರೆ, ಜ್ವರ ಬಂದರೆ ಪಾರ್ಲರ್‌ಗೆ ಫೋನ್ ಮಾಡಿ ಕೇಳುತ್ತ ಕೂರದೆ ಅವತ್ತೇ ವೈದ್ಯರಿಗೆ ತೋರಿಸಬೇಕು. ವ್ಯಾಕ್ಸಿಂಗ್ ಯಾವತ್ತು ಮಾಡಿಸಿದ್ದು, ಯಾವ ವ್ಯಾಕ್ಸ್, ಅದಕ್ಕೂ ಮುಂಚೆ ಯಾವ ಕ್ರೀಮ್ ಹಚ್ಚುತ್ತಿದ್ದದ್ದು ಎಂಬ ಮೂರು ಸಂಗತಿಗಳನ್ನು ಮರೆಯದೆ ಅವರಿಗೆ ತಿಳಿಸಬೇಕು.